ಗೇಟಿನಲ್ಲಿ ಹೆಚ್ಚುವರಿ ಶುಲ್ಕ ಕಟ್ಟದಿರಲು: ಕ್ಯಾಬಿನ್ ಬ್ಯಾಗಿನ ಅಳತೆ, ತೂಕ ಮತ್ತು ಮನೆಯಲ್ಲೇ ಮಾಡಬೇಕಾದ ತಯಾರಿ

ಹೋಗುವಾಗ ಯಾರೂ ಮುಟ್ಟದ ಬ್ಯಾಗನ್ನು ಬರುವಾಗ ಗೇಟಿನಲ್ಲಿ ನಿಲ್ಲಿಸಿ ಹಣ ಕೇಳುತ್ತಾರೆ. ಬ್ಯಾಗು ಅದೇ, ಒಳಗಿನ ಬಟ್ಟೆಗಳೂ ಅವೇ. ಬದಲಾದದ್ದು ವಿಮಾನ ಕಂಪನಿ ಮಾತ್ರ. ಕ್ಯಾಬಿನ್ ಬ್ಯಾಗಿಗೆ ಪ್ರಪಂಚವೆಲ್ಲ ಒಪ್ಪಿದ ಒಂದೇ ಅಳತೆ ಇಲ್ಲ. ಅಂಗಡಿಯಲ್ಲಿ ಬ್ಯಾಗಿಗೆ ಅಂಟಿಸಿರುವ 'ಕ್ಯಾಬಿನ್ ಸೈಜ್' ಎಂಬ ಚೀಟಿಗೆ ಯಾವ ಕಂಪನಿಯೂ ಬೆಲೆ ಕೊಡಬೇಕಾಗಿಲ್ಲ. ಆ ಚೀಟಿಯನ್ನು ಬರೆದವರು ಬ್ಯಾಗು ಮಾಡಿದವರು, ನಿಮ್ಮನ್ನು ವಿಮಾನ ಹತ್ತಿಸುವವರಲ್ಲ.

ಈ ಲೇಖನ ಮುಖ್ಯವಾಗಿ ಅತ್ಯಂತ ಅಗ್ಗದ ಟಿಕೆಟ್ ಕೊಂಡು, ಉಚಿತವಾಗಿ ಬಿಡುವ ಒಂದೇ ಬ್ಯಾಗಿನಲ್ಲಿ ಹೋಗಿ ಬರಲು ಬಯಸುವವರಿಗಾಗಿ. ಹಣ ಹೆಚ್ಚಾಗಿ ಸೋರುವುದು ಅಲ್ಲಿಯೇ. ಸ್ವಲ್ಪ ತಯಾರಿಯಿಂದ ಪೂರ್ತಿ ತಪ್ಪಿಸಬಹುದಾದದ್ದೂ ಅಲ್ಲಿಯೇ.

ಮೊದಲು: ನಿಮ್ಮ ಟಿಕೆಟ್ಟಿನಲ್ಲಿ ಏನಿದೆ ಎಂದು ಓದಿ

ಅಗ್ಗದ ಕಂಪನಿಗಳಲ್ಲಿ 'ಕ್ಯಾಬಿನ್ ಬ್ಯಾಗ್' ಎಂದರೆ ಎರಡು ಬೇರೆ ಬೇರೆ ವಸ್ತುಗಳು. ಒಂದು, ಮುಂದಿನ ಸೀಟಿನ ಕೆಳಗೆ ತೂರಿಸುವ ಚಿಕ್ಕ ಬ್ಯಾಗು. ಇನ್ನೊಂದು, ತಲೆಯ ಮೇಲಿನ ಕಪಾಟಿನಲ್ಲಿ ಇಡುವ ದೊಡ್ಡ ಬ್ಯಾಗು ಅಥವಾ ಟ್ರಾಲಿ. ಯುರೋಪಿನ ಅಗ್ಗದ ಕಂಪನಿಗಳು ಮೂಲ ದರದಲ್ಲಿ ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಬಿಡುತ್ತವೆ. ಎರಡನೆಯದಕ್ಕೆ ಹಣ ಬೇರೆ. ಏಷ್ಯಾ ಮತ್ತು ಆಸ್ಟ್ರೇಲಿಯಾದ ಹಲವು ಕಂಪನಿಗಳು ಕಪಾಟಿನ ಬ್ಯಾಗನ್ನೂ ಬಿಡುತ್ತವೆ, ಆದರೆ ತೂಕದ ವಿಷಯದಲ್ಲಿ ಬಿಗಿ.

ಈ ವ್ಯತ್ಯಾಸ ತಿಳಿದರೆ ನಿಮ್ಮ ತಯಾರಿಯ ದಿಕ್ಕೇ ಬದಲಾಗುತ್ತದೆ. ರಯಾನ್ಏರ್ ಮತ್ತು ವಿಝ್ ಏರ್‌ನಲ್ಲಿ ಉಚಿತ ಬ್ಯಾಗಿನ ಮಿತಿ 40×30×20 ಸೆಂಟಿಮೀಟರ್. ಈಸಿಜೆಟ್‌ನಲ್ಲಿ 45×36×20 ಸೆಂಟಿಮೀಟರ್, ತೂಕ 15 ಕಿಲೋವರೆಗೆ. ಅಲ್ಲಿ ನೀವು ಎದುರಿಸುವುದು ಮುಖ್ಯವಾಗಿ ಅಳತೆಯ ಪರೀಕ್ಷೆ. ಏರ್ ಏಷ್ಯಾ, ಜೆಟ್‌ಸ್ಟಾರ್ ಕಂಪನಿಗಳ ಮೂಲ ದರದಲ್ಲಿ ಒಂದು ದೊಡ್ಡ ಬ್ಯಾಗು, ಒಂದು ಚಿಕ್ಕ ಬ್ಯಾಗು ಒಯ್ಯಬಹುದು. ಆದರೆ ಎರಡೂ ಸೇರಿ 7 ಕಿಲೋ ದಾಟುವಂತಿಲ್ಲ. ಅಲ್ಲಿ ನಿಮ್ಮ ಶತ್ರು ತಕ್ಕಡಿ. ಎರಡು ಬ್ಯಾಗು ಬಿಡುತ್ತಾರೆ ಎಂದು ಓದಿ ಖುಷಿಪಟ್ಟು, ಎರಡೂ ಸೇರಿ ಎಂಬ ಮಾತನ್ನು ಬಿಟ್ಟುಬಿಡುವವರು ಬಹಳ.

ಕಂಪನಿಗಳು ಈ ಮಿತಿಗಳನ್ನು ಆಗಾಗ ಬದಲಿಸುತ್ತವೆ. ರಯಾನ್ಏರ್‌ನ ಉಚಿತ ಬ್ಯಾಗು 2025ರವರೆಗೆ 40×25×20 ಇತ್ತು; ಆ ವರ್ಷ ಒಂದು ಬದಿಯಲ್ಲಿ 5 ಸೆಂಟಿಮೀಟರ್ ಹೆಚ್ಚಾಯಿತು. ಇದರಿಂದ ಬ್ಯಾಗಿನ ಗಾತ್ರ 20 ಲೀಟರಿನಿಂದ 24 ಲೀಟರಿಗೆ ಏರಿತು. ಒಂದು ಸ್ವೆಟರ್ ಹೆಚ್ಚಾಗಿ ಇಡುವಷ್ಟು ಜಾಗ. ಬದಲಾವಣೆ ಸದಾ ನಮ್ಮ ಪರವಾಗಿಯೇ ಆಗುತ್ತದೆ ಎಂದೇನಿಲ್ಲ. ಆದ್ದರಿಂದ ಹಿಂದಿನ ಪ್ರವಾಸದ ನೆನಪನ್ನೂ ಗೆಳೆಯರ ಮಾತನ್ನೂ ಈ ಲೇಖನದ ಅಂಕಿಗಳನ್ನೂ ಅಂತಿಮವೆಂದು ಹಿಡಿಯಬೇಡಿ. ಕಂಪನಿಯ ಸ್ವಂತ ಆ್ಯಪ್ ಅಥವಾ ಜಾಲತಾಣ ತೆರೆಯಿರಿ, ಬುಕಿಂಗ್ ಸಂಖ್ಯೆ ಹಾಕಿ, ನಿಮ್ಮ ಹೆಸರಿನ ಮುಂದೆ ಯಾವ ಬ್ಯಾಗು ತೋರಿಸುತ್ತದೆ ಎಂದು ನೋಡಿ. ಟಿಕೆಟನ್ನು ಬೇರೆ ಮಾರಾಟ ತಾಣದಲ್ಲಿ ಕೊಂಡಿದ್ದರೆ ಇದನ್ನು ತಪ್ಪದೆ ಮಾಡಿ. ಅಂಥ ತಾಣಗಳು 'ಕ್ಯಾಬಿನ್ ಬ್ಯಾಗ್ ಸೇರಿದೆ' ಎಂದು ಬರೆದಿದ್ದರೂ ಅದು ಸೀಟಿನ ಕೆಳಗಿನ ಬ್ಯಾಗೋ ಕಪಾಟಿನದೋ ಎಂದು ಅನೇಕ ವೇಳೆ ಬಿಡಿಸಿ ಹೇಳಿರುವುದಿಲ್ಲ.

ಪ್ರಯಾಣದಲ್ಲಿ ಎರಡು ಕಂಪನಿಗಳಿದ್ದರೆ ಎರಡರ ಮಿತಿಯನ್ನೂ ಕಾಗದದಲ್ಲಿ ಪಕ್ಕಪಕ್ಕ ಬರೆದುಕೊಳ್ಳಿ. ಉದ್ದ, ಅಗಲ, ದಪ್ಪ, ತೂಕ, ಈ ನಾಲ್ಕರಲ್ಲಿ ಪ್ರತಿಯೊಂದಕ್ಕೂ ಚಿಕ್ಕ ಅಂಕಿಯನ್ನು ಆರಿಸಿ. ಅದೇ ನಿಮ್ಮ ಬ್ಯಾಗಿನ ನಿಜವಾದ ಮಿತಿ.

ಬ್ಯಾಗನ್ನು ತುಂಬಿದ ಮೇಲೆ ಅಳೆಯಿರಿ

ಖಾಲಿ ಬ್ಯಾಗಿನ ಅಳತೆಗೆ ಗೇಟಿನಲ್ಲಿ ಅರ್ಥವಿಲ್ಲ. ಮಿತಿಯ ಅಂಕಿಯಲ್ಲಿ ಚಕ್ರ, ಹಿಡಿಕೆ, ಹೊರಜೇಬು ಎಲ್ಲವೂ ಸೇರಿರುತ್ತವೆ. ಬ್ಯಾಗು ಮಾಡುವವರು ಎಷ್ಟೋ ಸಲ ಚಕ್ರ ಬಿಟ್ಟು ಡಬ್ಬಿಯ ಅಳತೆಯನ್ನಷ್ಟೇ ಬರೆಯುತ್ತಾರೆ. 55 ಸೆಂಟಿಮೀಟರ್ ಎಂದು ಮಾರಿದ ಟ್ರಾಲಿ ನೆಲದಿಂದ ಹಿಡಿಕೆಯ ತುದಿಯವರೆಗೆ 58 ಇರುವುದು ಅಪರೂಪವಲ್ಲ.

ಅಳೆಯುವ ಸರಿಯಾದ ಕ್ರಮ ಹೀಗಿದೆ. ತುಂಬಿದ ಬ್ಯಾಗನ್ನು ಗೋಡೆಗೆ ಒತ್ತಿ ನಿಲ್ಲಿಸಿ. ಅದರ ಎದುರು ಬದಿಗೆ ಒಂದು ದಪ್ಪ ಪುಸ್ತಕವನ್ನು ಲಂಬವಾಗಿ ಆನಿಸಿ. ಗೋಡೆಗೂ ಪುಸ್ತಕಕ್ಕೂ ನಡುವಿನ ದೂರವನ್ನು ನೆಲದ ಮೇಲೆ ಟೇಪಿನಿಂದ ಅಳೆಯಿರಿ. ಮೂರು ದಿಕ್ಕಿನಲ್ಲೂ ಹೀಗೆಯೇ ಮಾಡಿ. ಟೇಪನ್ನು ಬ್ಯಾಗಿನ ಉಬ್ಬಿನ ಮೇಲೆ ಹಾಯಿಸಿ ಅಳೆದರೆ ತಪ್ಪು ಉತ್ತರ ಬರುತ್ತದೆ. ಬರೀ ಅಂಚಿನ ಹೊಲಿಗೆಯಿಂದ ಹೊಲಿಗೆಗೆ ಅಳೆದರೆ ಅದಕ್ಕಿಂತ ಕೆಟ್ಟ ಉತ್ತರ, ಏಕೆಂದರೆ ಬ್ಯಾಗು ಅತಿ ದಪ್ಪಗಿರುವುದು ನಡುವಿನಲ್ಲಿ.

ಇದಕ್ಕಿಂತಲೂ ನಂಬಬಹುದಾದ ಪರೀಕ್ಷೆ ರಟ್ಟಿನ ಪೆಟ್ಟಿಗೆಯದು. ವಿಮಾನ ನಿಲ್ದಾಣದಲ್ಲಿ ಗೇಟಿನ ಬಳಿ ಲೋಹದ ಅಥವಾ ಗಟ್ಟಿ ಹಲಗೆಯ ಅಳತೆಪೆಟ್ಟಿಗೆ ಇಟ್ಟಿರುತ್ತಾರೆ. ಮಿತಿಯ ಅಳತೆಯಲ್ಲೇ ಒಂದು ರಟ್ಟಿನ ಪೆಟ್ಟಿಗೆ ಕತ್ತರಿಸಿ, ಮೇಲಿನ ಬದಿ ತೆರೆದು, ಬ್ಯಾಗನ್ನು ಅದರೊಳಗೆ ಇಳಿಸಿ ನೋಡಿ. ಹೋದರೆ ಸಾಲದು, ಹಿಡಿಕೆ ಹಿಡಿದು ಎಳೆದರೆ ಸಲೀಸಾಗಿ ಹೊರಗೂ ಬರಬೇಕು. ಮೊಣಕಾಲಿನಿಂದ ಒತ್ತಿ ತುರುಕಿದ ಬ್ಯಾಗು ಮನೆಯಲ್ಲಿ ಹಿಡಿಸಿದರೂ ಗೇಟಿನಲ್ಲಿ ಸಿಬ್ಬಂದಿಯ ಕಣ್ಣೆದುರು ಹಿಡಿಸುವುದಿಲ್ಲ. ನಿಲ್ದಾಣದ ಪೆಟ್ಟಿಗೆ ಘೋಷಿತ ಅಳತೆಗಿಂತ ತುಸು ದೊಡ್ಡದಿರುತ್ತದೆ ಎಂಬ ಮಾತು ಪ್ರಯಾಣಿಕರ ನಡುವೆ ಓಡಾಡುತ್ತದೆ. ಅದನ್ನು ನೆಚ್ಚಿ ಬ್ಯಾಗು ತುಂಬುವುದು ಬೇಡ. ಒಂದು ನಿಲ್ದಾಣದ ಪೆಟ್ಟಿಗೆಯಂತೆಯೇ ಇನ್ನೊಂದರದು ಇರಬೇಕೆಂದಿಲ್ಲ.

ಒಂದು ಬ್ಯಾಗಿನ ಕಥೆ, ಲೆಕ್ಕದ ಸಮೇತ

ಒಬ್ಬರು ನಾಲ್ಕು ದಿನದ ಪ್ರವಾಸಕ್ಕೆ ಹೋಗುವಾಗ ಈಸಿಜೆಟ್, ಬರುವಾಗ ರಯಾನ್ಏರ್ ಟಿಕೆಟ್ ಕೊಂಡಿದ್ದಾರೆ ಎಂದುಕೊಳ್ಳೋಣ. ಎರಡರಲ್ಲೂ ಮೂಲ ದರ, ಅಂದರೆ ಸೀಟಿನ ಕೆಳಗಿನ ಬ್ಯಾಗು ಮಾತ್ರ. ಅವರ ಬಳಿ ಇರುವುದು ಮೆತ್ತನೆಯ ಬಟ್ಟೆಯ ಬೆನ್ನುಚೀಲ. ಅದರ ಚೀಟಿಯಲ್ಲಿ 45×30×18 ಎಂದಿದೆ. ಈಸಿಜೆಟ್‌ನ 45×36×20ರೊಳಗೆ ಅದು ಸೇರುತ್ತದೆ. ರಯಾನ್ಏರ್‌ನ 40×30×20ರಲ್ಲಿ ಉದ್ದ 5 ಸೆಂಟಿಮೀಟರ್ ಹೆಚ್ಚು. ಎರಡರ ನಡುವಿನ ಚಿಕ್ಕ ಮಿತಿ 40×30×20, ಆದ್ದರಿಂದ ತಯಾರಿ ಅದಕ್ಕೇ ಆಗಬೇಕು.

ಮೊದಲ ಸಲ ತುಂಬಿ ಗೋಡೆಗೆ ಆನಿಸಿ ಅಳೆದಾಗ ಬಂದದ್ದು 47×31×24. ಚೀಟಿಯ ಅಳತೆಯನ್ನು ಮೂರೂ ದಿಕ್ಕಿನಲ್ಲಿ ಮೀರಿದೆ. ಹೆಚ್ಚಾದದ್ದು ಎಲ್ಲಿಂದ ಬಂತು ಎಂದು ಹುಡುಕಬೇಕು. ಮೇಲೆ ನಿಂತಿರುವ ಹಿಡಿಕೆ 2 ಸೆಂಟಿಮೀಟರ್. ಬದಿಯ ಜೇಬಿನಲ್ಲಿ ನೀರಿನ ಬಾಟಲಿ, ಅದು ಅಗಲಕ್ಕೆ ಸೇರಿದೆ. ಮುಂದಿನ ಜೇಬಿನಲ್ಲಿ ಚಾರ್ಜರ್, ಹೆಡ್‌ಫೋನ್ ಮತ್ತು ಸೋಪಿನ ಡಬ್ಬಿ, ದಪ್ಪ ಹೆಚ್ಚಿಸಿರುವುದು ಇವು. ಬಟ್ಟೆಗಳಿಂದ ತೊಂದರೆಯೇ ಇಲ್ಲ. ಇದು ಬಹುತೇಕ ಎಲ್ಲ ಬ್ಯಾಗುಗಳ ಕಥೆ. ಅಳತೆ ಮೀರಿಸುವುದು ಒಳಗಿನ ಬಟ್ಟೆಗಿಂತ ಹೊರಜೇಬಿನ ಗಟ್ಟಿ ವಸ್ತುಗಳು.

ಈಗ ಮರುಜೋಡಣೆ. ಗಟ್ಟಿ ವಸ್ತುಗಳೆಲ್ಲ ಬ್ಯಾಗಿನ ನಡುವಿಗೆ, ಬೆನ್ನಿನ ಬದಿಗೆ ಹತ್ತಿರವಾಗಿ ಹೋಗುತ್ತವೆ. ಅವುಗಳ ಸುತ್ತ, ಅಂಚುಗಳಲ್ಲಿ ಮತ್ತು ಮೂಲೆಗಳಲ್ಲಿ ಮೆತ್ತನೆಯ ಬಟ್ಟೆ. ಹೀಗೆ ಇಟ್ಟಾಗ ಪೆಟ್ಟಿಗೆಯ ಗೋಡೆ ಎಲ್ಲಿ ಒತ್ತಿದರೂ ಬ್ಯಾಗು ಒಳಗೆ ಸರಿಯುತ್ತದೆ. ಮುಂದಿನ ಜೇಬಿನಲ್ಲಿ ಪಾಸ್‌ಪೋರ್ಟಿನಂಥ ತೆಳ್ಳನೆಯದು ಮಾತ್ರ. ನೀರಿನ ಬಾಟಲಿ ಖಾಲಿಯಾಗಿ ಕೈಯಲ್ಲಿರಲಿ, ಅಥವಾ ಮಡಚುವ ಬಗೆಯದಾಗಲಿ. ಎರಡನೆಯ ಜೊತೆ ಶೂ ಮನೆಯಲ್ಲೇ ಉಳಿಯಲಿ, ಭಾರದ ಜೊತೆ ಕಾಲಿನಲ್ಲಿರಲಿ.

ಉಳಿದಿರುವುದು ಉದ್ದ. 45 ಸೆಂಟಿಮೀಟರಿನ ಬ್ಯಾಗು 40ರ ಪೆಟ್ಟಿಗೆಗೆ ಹೇಗೆ ಹೋಗುತ್ತದೆ? ಬ್ಯಾಗು ಮೆತ್ತಗಿದ್ದು, ಮೇಲಿನ 6 ಸೆಂಟಿಮೀಟರನ್ನು ಪೂರ್ತಿ ಖಾಲಿ ಬಿಟ್ಟರೆ ಆ ಭಾಗ ಮಡಚಿಕೊಂಡು ಕೂರುತ್ತದೆ. ಬೆನ್ನಿನ ಬದಿಯಲ್ಲಿ ಗಟ್ಟಿ ಹಲಗೆ ಇದ್ದರೆ ಈ ಉಪಾಯ ನಡೆಯುವುದಿಲ್ಲ. ಹಲಗೆಯನ್ನು ಹೊರತೆಗೆಯುವ ಅವಕಾಶವಿದ್ದರೆ ತೆಗೆದಿಡಿ. ಇಲ್ಲದಿದ್ದರೆ ಆ ಬ್ಯಾಗು ಈ ಪ್ರಯಾಣಕ್ಕೆ ಸರಿಯಾದದ್ದಲ್ಲ ಎಂದು ಒಪ್ಪಿ ಬೇರೆ ಬ್ಯಾಗು ನೋಡುವುದೇ ಒಳ್ಳೆಯದು. ನಮ್ಮ ಪ್ರಯಾಣಿಕರ ಬ್ಯಾಗಿನಲ್ಲಿ ಹಲಗೆ ಇರಲಿಲ್ಲ. ಮರುಜೋಡಣೆಯ ನಂತರ, ಮೇಲ್ಭಾಗ ಮಡಚಿ, ತೂಗಾಡುವ ಪಟ್ಟಿಗಳನ್ನು ಬಿಗಿದು ಅಳೆದಾಗ 40×30×19. ರಟ್ಟಿನ ಪೆಟ್ಟಿಗೆಯೊಳಗೆ ಇಳಿಯಿತು, ಹೊರಗೂ ಬಂತು.

ಬಟ್ಟೆಯನ್ನು ಒತ್ತಿಡುವ ಚೀಲಗಳ ಬಗ್ಗೆ ಒಂದು ಎಚ್ಚರಿಕೆ. ಬಟ್ಟೆಯನ್ನು ಅವುಗಳಲ್ಲಿ ಬಿಗಿಯಾಗಿ ಒತ್ತಿದಾಗ ಅದು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ದೊಡ್ಡ ಟ್ರಾಲಿಯಲ್ಲಿ ಇದರಿಂದ ಅನುಕೂಲ. ಸೀಟಿನ ಕೆಳಗಿನ ಬ್ಯಾಗಿನಲ್ಲಿ ಮಾತ್ರ ಬ್ಯಾಗು ಬಗ್ಗುವ ಗುಣವನ್ನೇ ಕಳೆದುಕೊಳ್ಳುತ್ತದೆ. ಗಾಳಿ ಹೀರಿ ತೆಗೆಯುವ ಪ್ಲಾಸ್ಟಿಕ್ ಚೀಲಗಳಲ್ಲಿ ಇನ್ನೊಂದು ತೊಡಕು: ಹಿಂದಿರುಗುವಾಗ ಗಾಳಿ ಹೀರುವ ಯಂತ್ರ ನಿಮ್ಮ ಬಳಿ ಇರುವುದಿಲ್ಲ, ಮುದುಡಿದ ಬಟ್ಟೆಗಳು ಹೋಗುವಾಗಿನಷ್ಟು ಚಿಕ್ಕದಾಗುವುದಿಲ್ಲ. ಬ್ಯಾಗನ್ನು ಯಾವಾಗಲೂ ಬರುವ ದಿನಕ್ಕಾಗಿ ತುಂಬಬೇಕು. ಹೋಗುವ ದಿನ ಸ್ವಲ್ಪ ಸಡಿಲವಾಗಿಯೇ ಇರಲಿ.

ತೂಕದ ಲೆಕ್ಕ

7 ಕಿಲೋ ಮಿತಿಯಲ್ಲಿ ಮೊದಲ ಪ್ರಶ್ನೆ ಬ್ಯಾಗಿನದೇ ತೂಕ ಎಷ್ಟು ಎಂಬುದು. ಗಟ್ಟಿ ಕವಚದ ಚಿಕ್ಕ ಟ್ರಾಲಿ ಖಾಲಿಯಾಗಿಯೇ ಎರಡೂವರೆ ಮೂರು ಕಿಲೋ ತೂಗುತ್ತದೆ. 2.7 ಕಿಲೋದ ಟ್ರಾಲಿ ಎಂದಿಟ್ಟುಕೊಂಡರೆ ನಿಮಗೆ ಉಳಿಯುವುದು 4.3 ಕಿಲೋ. 0.9 ಕಿಲೋದ ಬೆನ್ನುಚೀಲ ಒಯ್ದರೆ 6.1 ಕಿಲೋ. ಬ್ಯಾಗು ಬದಲಿಸಿದ ಮಾತ್ರಕ್ಕೆ ಸುಮಾರು ಎರಡು ಕಿಲೋ ಸಿಕ್ಕಿತು. ಇಷ್ಟು ಉಳಿತಾಯವನ್ನು ಬಟ್ಟೆ ಕಡಿಮೆ ಮಾಡಿ ಸಾಧಿಸುವುದು ಬಹಳ ಕಷ್ಟ. ತೂಕದ ಮಿತಿ ಬಿಗಿಯಾಗಿರುವ ಕಂಪನಿಗಳಲ್ಲಿ ಚಕ್ರದ ಬ್ಯಾಗನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಭುಜದ ನೋವಿನಿಂದಾಗಿ ಬೆನ್ನುಚೀಲ ಹೊರಲಾಗದವರು ಮೊದಲೇ ಹಣ ಕೊಟ್ಟು ತೂಕ ಹೆಚ್ಚಿಸಿಕೊಳ್ಳುವುದು ನ್ಯಾಯವಾದ ಖರ್ಚು.

ಆಮೇಲೆ ಭಾರದ ವಸ್ತುಗಳು. ಲ್ಯಾಪ್‌ಟಾಪ್ ಮತ್ತು ಅದರ ಚಾರ್ಜರ್ ಸೇರಿ ಒಂದೂವರೆಯಿಂದ ಎರಡು ಕಿಲೋ. ಒಂದು ಜೊತೆ ಶೂ ಮುಕ್ಕಾಲು ಕಿಲೋದ ಆಸುಪಾಸು. ಜೀನ್ಸ್ ಅರ್ಧ ಕಿಲೋಗಿಂತ ಹೆಚ್ಚು. ಟೀ ಶರ್ಟ್ ಒಂದಕ್ಕೆ ಇನ್ನೂರು ಗ್ರಾಂ ಕೂಡ ಇರುವುದಿಲ್ಲ. ಆದ್ದರಿಂದ ಒಂದು ಟೀ ಶರ್ಟ್ ಬಿಡಲೇ, ಎರಡು ಬಿಡಲೇ ಎಂದು ಯೋಚಿಸುವುದರಲ್ಲಿ ಫಲವಿಲ್ಲ. ಜೀನ್ಸ್, ಶೂ, ಜಾಕೆಟ್ ಮೈಮೇಲಿರಲಿ. ಧರಿಸಿದ ಬಟ್ಟೆಯನ್ನು ತೂಗುವುದಿಲ್ಲ. ದೊಡ್ಡ ಜೇಬುಗಳ ಜಾಕೆಟ್ ಇದ್ದರೆ ಮೊಬೈಲ್, ಚಾರ್ಜರ್, ಪವರ್ ಬ್ಯಾಂಕ್ ಅಲ್ಲಿಗೆ ಹೋಗಬಹುದು.

ತೂಗಲು ಕೈಯಲ್ಲಿ ಹಿಡಿದು ನೇತುಹಾಕುವ ಡಿಜಿಟಲ್ ತಕ್ಕಡಿ ಸಾಕು. ಅದಿಲ್ಲದಿದ್ದರೆ ದೇಹದ ತೂಕ ನೋಡುವ ಯಂತ್ರದ ಮೇಲೆ ಬ್ಯಾಗು ಹಿಡಿದು ಒಮ್ಮೆ, ಬ್ಯಾಗಿಲ್ಲದೆ ಒಮ್ಮೆ ನಿಂತು ಕಳೆಯಿರಿ. ಬ್ಯಾಗನ್ನು ನೇರವಾಗಿ ಆ ಯಂತ್ರದ ಮೇಲೆ ಇಡುವುದಕ್ಕಿಂತ ಇದು ಮೇಲು, ಕಡಿಮೆ ತೂಕದಲ್ಲಿ ಅವು ಸರಿಯಾಗಿ ತೋರಿಸುವುದಿಲ್ಲ. ಮನೆಯ ತಕ್ಕಡಿಗೂ ನಿಲ್ದಾಣದ ತಕ್ಕಡಿಗೂ ವ್ಯತ್ಯಾಸ ಇದ್ದೇ ಇರುತ್ತದೆ. 7 ಕಿಲೋ ಮಿತಿಯಿದ್ದರೆ ಮನೆಯಲ್ಲಿ 6.5ಕ್ಕೆ ನಿಲ್ಲಿಸಿ.

ದೊಡ್ಡ ಬ್ಯಾಗು ಬೇಕೇ ಬೇಕಿದ್ದರೆ, ಬೇಗ ಕೊಳ್ಳಿ

ಬ್ಯಾಗಿನ ಶುಲ್ಕ ಒಂದು ಮೆಟ್ಟಿಲು. ಸಾಮಾನ್ಯವಾಗಿ ಟಿಕೆಟ್ ಕೊಳ್ಳುವಾಗಲೇ ಸೇರಿಸಿದರೆ ಎಲ್ಲಕ್ಕಿಂತ ಅಗ್ಗ, ನಂತರ ಆ್ಯಪ್‌ನಲ್ಲಿ ಸೇರಿಸಿದರೆ ಸ್ವಲ್ಪ ಹೆಚ್ಚು, ನಿಲ್ದಾಣದ ಕೌಂಟರಿನಲ್ಲಿ ಇನ್ನೂ ಹೆಚ್ಚು, ಗೇಟಿನಲ್ಲಿ ಎಲ್ಲಕ್ಕಿಂತ ದುಬಾರಿ. ಯುರೋಪಿನ ಕೆಲವು ಗೇಟುಗಳಲ್ಲಿ ಕೇಳುವ ಮೊತ್ತ ಟಿಕೆಟ್ಟಿನ ದರವನ್ನೇ ಮೀರುವುದುಂಟು. ರಟ್ಟಿನ ಪೆಟ್ಟಿಗೆಯಲ್ಲಿ ಬ್ಯಾಗು ಹಿಡಿಸಲಿಲ್ಲ ಎಂದು ಮನೆಯಲ್ಲೇ ಗೊತ್ತಾದರೆ ಆ ಕ್ಷಣವೇ ಆ್ಯಪ್ ತೆರೆದು ಸೇರಿಸಿ. ವಿಮಾನ ಹೊರಡುವ ಮುನ್ನ ಒಂದು ಹಂತದಲ್ಲಿ ಆ್ಯಪ್‌ನಲ್ಲಿ ಸೇರಿಸುವ ಅವಕಾಶ ಮುಚ್ಚಿಹೋಗುತ್ತದೆ. ನೋಡೋಣ, ಬಿಟ್ಟರೂ ಬಿಡಬಹುದು ಎಂದು ಕಾಯುವುದರಲ್ಲಿ ಲಾಭಕ್ಕಿಂತ ನಷ್ಟದ ಪ್ರಮಾಣ ಎಷ್ಟೋ ದೊಡ್ಡದು.

ಇಬ್ಬರು ಮೂವರು ಒಟ್ಟಿಗೆ ಹೋಗುವಾಗ ಎಲ್ಲರಿಗೂ ಕಪಾಟಿನ ಬ್ಯಾಗು ಕೊಳ್ಳುವ ಬದಲು, ಕಾರ್ಗೋ ವಿಭಾಗಕ್ಕೆ ಹಾಕುವ ಒಂದು ದೊಡ್ಡ ಬ್ಯಾಗನ್ನು ಸೇರಿ ಕೊಂಡರೆ ಎಷ್ಟಾಗುತ್ತದೆ ಎಂದು ಹೋಲಿಸಿ ನೋಡಿ. ಅನೇಕ ಬಾರಿ ಅದೇ ಕಡಿಮೆ.

ಗೇಟಿನಲ್ಲಿ ಏನು ನಡೆಯುತ್ತದೆ

ತಪಾಸಣೆಯ ಬಿಗಿ ಯಾಕೆ ಎಂಬುದು ತಿಳಿದಿದ್ದರೆ ಯಾರನ್ನು ನಿಲ್ಲಿಸುತ್ತಾರೆ ಎಂಬುದೂ ತಿಳಿಯುತ್ತದೆ. ಅಗ್ಗದ ಕಂಪನಿಗಳು ಹೆಚ್ಚಾಗಿ ಓಡಿಸುವ ಏರ್‌ಬಸ್ ಎ320, ಬೋಯಿಂಗ್ 737 ವಿಮಾನಗಳಲ್ಲಿ 180ರಿಂದ 190ರಷ್ಟು ಸೀಟುಗಳನ್ನು ಹಾಕಿರುತ್ತಾರೆ. ಅಷ್ಟೂ ಜನ ಟ್ರಾಲಿ ತಂದರೆ ಕಪಾಟು ಸಾಲುವುದಿಲ್ಲ. ವಿಮಾನ ಬಂದಿಳಿದು ಮತ್ತೆ ಹೊರಡುವ ನಡುವೆ ಹೆಚ್ಚು ಬಿಡುವು ಇರುವುದಿಲ್ಲ. ರಯಾನ್ಏರ್ ಇದನ್ನು 25 ನಿಮಿಷದಲ್ಲಿ ಮುಗಿಸುವ ಗುರಿ ಇಟ್ಟುಕೊಂಡಿದೆ. ಬ್ಯಾಗಿಗೆ ಜಾಗ ಹುಡುಕುತ್ತ ಜನ ದಾರಿಯಲ್ಲಿ ನಿಂತರೆ ಆ ಲೆಕ್ಕವೆಲ್ಲ ತಪ್ಪುತ್ತದೆ. ಇದರ ಜೊತೆಗೆ ಬ್ಯಾಗಿನ ಶುಲ್ಕ ಈ ಕಂಪನಿಗಳ ದೊಡ್ಡ ಆದಾಯ. ಅಳತೆ ಮೀರಿದ ಬ್ಯಾಗು ಹಿಡಿದ ಸಿಬ್ಬಂದಿಗೆ ರಯಾನ್ಏರ್ ಪ್ರತಿ ಬ್ಯಾಗಿಗೂ ಸಣ್ಣ ಪ್ರೋತ್ಸಾಹಧನ ಕೊಡುತ್ತದೆ, 2025ರಲ್ಲಿ ಆ ಮೊತ್ತವನ್ನು ಒಂದೂವರೆ ಯೂರೋದಿಂದ ಎರಡೂವರೆ ಯೂರೋಗೆ ಏರಿಸಿತು. ಸಿಬ್ಬಂದಿ ಕಣ್ಣುಮುಚ್ಚಿಕೊಳ್ಳುತ್ತಾರೆ ಎಂಬ ನಂಬಿಕೆಯಲ್ಲಿ ಹೋಗುವವರು ಇದನ್ನು ಗಮನದಲ್ಲಿಡಬೇಕು.

ತಪಾಸಣೆ ಒಂದೇ ಜಾಗದಲ್ಲಿ ಆಗುವುದಿಲ್ಲ. ತೂಕ ನೋಡುವ ಕಂಪನಿಗಳು ಚೆಕ್-ಇನ್ ಕೌಂಟರಿನಲ್ಲೇ ಕೈಬ್ಯಾಗನ್ನು ತೂಗಿ ಒಂದು ಪಟ್ಟಿ ಕಟ್ಟುವುದುಂಟು, ಗೇಟಿಗೇ ತಕ್ಕಡಿ ತರುವುದೂ ಉಂಟು. ಅಳತೆ ನೋಡುವ ಕಂಪನಿಗಳಲ್ಲಿ ಬೋರ್ಡಿಂಗ್ ಆರಂಭವಾಗುವ ಮುನ್ನವೇ ಒಬ್ಬರು ಸಾಲಿನ ಉದ್ದಕ್ಕೂ ನಡೆದು ಬರುತ್ತಾರೆ. ಅವರು ಪ್ರತಿಯೊಬ್ಬರ ಬ್ಯಾಗನ್ನೂ ಅಳೆಯುವುದಿಲ್ಲ, ಕಣ್ಣಿಗೆ ಬಿದ್ದವನ್ನು ಆರಿಸುತ್ತಾರೆ. ಮೂಲ ದರದ ಸಾಲಿನಲ್ಲಿ ಚಕ್ರವಿರುವ ಬ್ಯಾಗು, ಬೆನ್ನಿನಿಂದ ಬಹಳ ಆಚೆಗೆ ಚಾಚಿಕೊಂಡಿರುವ ಚೀಲ, ಜಿಪ್ ಬಿರಿಯುವಂತೆ ಉಬ್ಬಿದ ಮುಂಭಾಗ, ಹೊರಗೆ ಕಟ್ಟಿದ ಕುತ್ತಿಗೆ ದಿಂಬು, ಮತ್ತು ಎಲ್ಲಕ್ಕಿಂತ ಮೊದಲು, ಎರಡನೆಯ ಬ್ಯಾಗು. ಒಂದೇ ಬ್ಯಾಗು ಎಂದರೆ ಒಂದೇ. ಸೊಂಟದ ಚೀಲ, ಕ್ಯಾಮೆರಾ ಚೀಲ, ಹೆಗಲಿನ ಪರ್ಸ್ ಎಲ್ಲವನ್ನೂ ಎರಡನೆಯದೆಂದು ಎಣಿಸುವ ಹಕ್ಕು ಅವರಿಗಿದೆ. ನಿಲ್ದಾಣದ ಅಂಗಡಿಯ ಚೀಲವನ್ನು ಕೆಲವರು ಬಿಡುತ್ತಾರೆ, ಕೆಲವರು ಬಿಡುವುದಿಲ್ಲ. ನಿಮ್ಮ ಕಂಪನಿಯ ನಿಯಮ ಓದಿಲ್ಲದಿದ್ದರೆ ಗೇಟಿಗೆ ಬರುವ ಮುನ್ನವೇ ಎಲ್ಲವನ್ನೂ ದೊಡ್ಡ ಬ್ಯಾಗಿನೊಳಗೆ ಸೇರಿಸಿಬಿಡಿ.

ಸಾಲಿಗೆ ಸೇರುವ ಮುನ್ನ ಐದು ನಿಮಿಷ ಪಕ್ಕಕ್ಕೆ ಕುಳಿತು ಸಿದ್ಧವಾಗಿ. ಜಾಕೆಟ್ ಹಾಕಿಕೊಳ್ಳಿ, ಬಾಟಲಿ ಖಾಲಿ ಮಾಡಿ, ಪಟ್ಟಿಗಳನ್ನು ಬಿಗಿಯಿರಿ, ಭದ್ರತಾ ತಪಾಸಣೆಯಲ್ಲಿ ಅವಸರದಿಂದ ಮೇಲಕ್ಕೆ ತುರುಕಿದ ಲ್ಯಾಪ್‌ಟಾಪನ್ನು ಅದರ ಜಾಗದಲ್ಲಿ ಇಡಿ. ಮನೆಯಲ್ಲಿ ಹಿಡಿಸಿದ ಬ್ಯಾಗು ಗೇಟಿನಲ್ಲಿ ಹಿಡಿಸದಿರಲು ಈ ಭದ್ರತಾ ತಪಾಸಣೆಯೇ ದೊಡ್ಡ ಕಾರಣ. ಎಲ್ಲವನ್ನೂ ಹೊರತೆಗೆದು ಮತ್ತೆ ತುಂಬುವಾಗ ಜೋಡಣೆ ಕೆಟ್ಟಿರುತ್ತದೆ.

ನಿಮ್ಮನ್ನು ನಿಲ್ಲಿಸಿದರೆ

ಬ್ಯಾಗನ್ನು ಪೆಟ್ಟಿಗೆಯಲ್ಲಿ ಇಡಲು ಹೇಳಿದರೆ ಅಗಲವಾದ ಬದಿಯನ್ನು ಪೆಟ್ಟಿಗೆಯ ಅಗಲಕ್ಕೆ ಸರಿಯಾಗಿ ತಿರುಗಿಸಿ, ಚಕ್ರವಿದ್ದರೆ ಚಕ್ರದ ಕಡೆಯಿಂದ ಮೊದಲು ಇಳಿಸಿ. ನೀವೇ ಇಳಿಸಲು ಅವಕಾಶ ಕೇಳಿ. ಹಿಡಿಸದಿದ್ದರೆ ತಕ್ಷಣ ಕಾರ್ಡ್ ತೆಗೆಯಬೇಡಿ. "ಪಕ್ಕಕ್ಕೆ ನಿಂತು ಸರಿಮಾಡಿಕೊಂಡು ಮತ್ತೆ ತೋರಿಸಬಹುದೇ?" ಎಂದು ವಿನಯದಿಂದ ಕೇಳಿ. ಸಮಯವಿದ್ದರೆ ಹಲವರು ಒಪ್ಪುತ್ತಾರೆ. ಹೊರಜೇಬು ಖಾಲಿ ಮಾಡಿ, ದಪ್ಪ ಬಟ್ಟೆಯನ್ನು ಮೈಮೇಲೆ ಹಾಕಿಕೊಂಡು ಮತ್ತೆ ಪ್ರಯತ್ನಿಸಿ. ಇದಕ್ಕಾಗಿಯೇ ಸಾಲಿನ ಕೊನೆಯಲ್ಲಿ ನಿಲ್ಲಬಾರದು. ಕೊನೆಗೆ ಉಳಿದವರಿಗೆ ಎರಡನೆಯ ಪ್ರಯತ್ನಕ್ಕೆ ಸಮಯವೇ ಇರುವುದಿಲ್ಲ.

ಹಣ ಕೊಡಲೇಬೇಕಾಗಿ ಬಂದರೆ, ಅಥವಾ ಬ್ಯಾಗನ್ನು ಕಾರ್ಗೋ ವಿಭಾಗಕ್ಕೆ ಕಳುಹಿಸುತ್ತೇವೆ ಎಂದರೆ, ಕೈಬಿಡುವ ಮುನ್ನ ಒಂದು ಕೆಲಸ ಮರೆಯಲೇಬಾರದು. ಪವರ್ ಬ್ಯಾಂಕ್, ಬಿಡಿ ಲಿಥಿಯಂ ಬ್ಯಾಟರಿ, ಇ-ಸಿಗರೇಟ್ ಇವನ್ನು ಹೊರತೆಗೆದು ಜೇಬಿಗೆ ಹಾಕಿಕೊಳ್ಳಿ. ಲಿಥಿಯಂ ಬ್ಯಾಟರಿ ಬಿಸಿಯೇರಿ ಹೊತ್ತಿಕೊಂಡರೆ ಕ್ಯಾಬಿನ್ನಿನಲ್ಲಿ ಸಿಬ್ಬಂದಿ ಕೂಡಲೇ ಕಂಡು ನಂದಿಸಬಲ್ಲರು, ಕೆಳಗಿನ ಕಾರ್ಗೋ ವಿಭಾಗದಲ್ಲಿ ಅದು ಸಾಧ್ಯವಿಲ್ಲ. ಆದ್ದರಿಂದಲೇ ಅಂತರರಾಷ್ಟ್ರೀಯ ನಿಯಮಗಳು ಅವನ್ನು ಕ್ಯಾಬಿನ್ನಿನಲ್ಲಿ ಮಾತ್ರ ಬಿಡುತ್ತವೆ. ಗೇಟಿನಲ್ಲಿ ಒತ್ತಡ ಹೆಚ್ಚಿದ್ದಾಗ ಯಾರೂ ಕೇಳದೆಯೂ ಹೋಗಬಹುದು, ನೀವಾಗಿಯೇ ತೆಗೆಯಿರಿ. ಪವರ್ ಬ್ಯಾಂಕಿನ ಸಾಮಾನ್ಯ ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್‌ನದು 3.7 ವೋಲ್ಟ್ ಲೆಕ್ಕದಲ್ಲಿ 74 ವ್ಯಾಟ್-ಅವರ್ ಆಗುತ್ತದೆ, ಚಿಂತೆಯಿಲ್ಲ. ಜೊತೆಗೆ ಔಷಧಿ, ಪಾಸ್‌ಪೋರ್ಟ್, ಮನೆಯ ಬೀಗದ ಕೈ, ಒಡವೆ, ಲ್ಯಾಪ್‌ಟಾಪ್ ಕೂಡ ಕೈಯಲ್ಲೇ ಇರಲಿ. ಮಡಚಿದರೆ ಅಂಗೈಯಲ್ಲಿ ಹಿಡಿಸುವ ತೆಳು ಬಟ್ಟೆಯ ಚೀಲವೊಂದು ಬ್ಯಾಗಿನ ಮೇಲ್ಭಾಗದಲ್ಲೇ ಇದ್ದರೆ ಈ ಕೆಲಸ ಒಂದು ನಿಮಿಷದ್ದು.

ಇನ್ನೊಂದು ಸಂದರ್ಭವನ್ನು ಇದರೊಂದಿಗೆ ಬೆರೆಸಬೇಡಿ. ನಿಮ್ಮ ಬ್ಯಾಗು ನಿಯಮದಂತೆಯೇ ಇದ್ದು, ಕಪಾಟು ತುಂಬಿದೆ ಎಂಬ ಕಾರಣಕ್ಕೆ ಅದನ್ನು ಕೆಳಗೆ ಕಳುಹಿಸಿದರೆ ಅದಕ್ಕೆ ಶುಲ್ಕ ಕೊಡಬೇಕಿಲ್ಲ. ಹಣ ಕೇಳಿದರೆ ಯಾವ ಕಾರಣಕ್ಕೆ ಎಂದು ಸ್ಪಷ್ಟವಾಗಿ ಕೇಳಿ: ಅಳತೆ ಮೀರಿದೆಯೇ, ತೂಕ ಮೀರಿದೆಯೇ, ಬ್ಯಾಗುಗಳ ಸಂಖ್ಯೆ ಮೀರಿದೆಯೇ, ಅಥವಾ ಬರೀ ಜಾಗವಿಲ್ಲವೇ?

ಬ್ಯಾಗು ಪೆಟ್ಟಿಗೆಯಲ್ಲಿ ಹಿಡಿಸಿದ್ದರೂ ಹಣ ಪಡೆದರು ಎಂದಾದರೆ ಅಲ್ಲಿ ವಾದ ಬೆಳೆಸುವುದರಿಂದ ಪ್ರಯೋಜನವಿಲ್ಲ, ವಿಮಾನ ಹತ್ತಿಸದೆ ಬಿಟ್ಟುಹೋಗುವ ಅಪಾಯವಿದೆ. ಬ್ಯಾಗು ಪೆಟ್ಟಿಗೆಯೊಳಗೆ ಕುಳಿತಿರುವುದನ್ನು ಮೇಲಿನಿಂದಲೂ ಪಕ್ಕದಿಂದಲೂ ಚಿತ್ರ ತೆಗೆದುಕೊಳ್ಳಿ. ಸಿಬ್ಬಂದಿಯ ಮುಖ ಚಿತ್ರದಲ್ಲಿ ಬಾರದಿರಲಿ, ಅದರಿಂದ ಜಗಳ ಹುಟ್ಟುತ್ತದೆ. ಕಾರ್ಡಿನಲ್ಲೇ ಹಣ ಕೊಟ್ಟು, ಕಾರಣ ಬರೆದ ರಸೀದಿ ಪಡೆಯಿರಿ. ಊರು ತಲುಪಿದ ಮೇಲೆ ಬ್ಯಾಗಿನ ಅಳತೆ, ಚಿತ್ರ, ರಸೀದಿ, ವಿಮಾನದ ಸಂಖ್ಯೆ ಎಲ್ಲವನ್ನೂ ಸೇರಿಸಿ ಕಂಪನಿಗೆ ಲಿಖಿತ ದೂರು ಕಳುಹಿಸಿ. ಉತ್ತರ ಬಾರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ ಆ ದೇಶದ ಗ್ರಾಹಕ ಸಂಸ್ಥೆಯ ಮೊರೆ ಹೋಗಬಹುದು.

ಯುರೋಪಿನಲ್ಲಿ ಈ ದೂರುಗಳಿಗೆ ಕಾನೂನಿನ ಆಧಾರವೂ ಇದೆ. ಪ್ರಯಾಣಿಕರು ಒಯ್ಯುವ ಕೈಬ್ಯಾಗು ತೂಕ ಮತ್ತು ಅಳತೆಯಲ್ಲಿ ಸಮಂಜಸವಾಗಿದ್ದು ಭದ್ರತಾ ನಿಯಮಗಳಿಗೆ ಒಳಪಟ್ಟಿದ್ದರೆ ಅದಕ್ಕೆ ಪ್ರತ್ಯೇಕ ಹಣ ಪಡೆಯುವಂತಿಲ್ಲ ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2014ರಲ್ಲಿ ಹೇಳಿತು. 'ಸಮಂಜಸ' ಎಂದರೆ ಎಷ್ಟು ಸೆಂಟಿಮೀಟರ್ ಎಂದು ಆ ತೀರ್ಪು ಹೇಳಲಿಲ್ಲ, ಜಗಳ ಉಳಿದಿರುವುದು ಅಲ್ಲಿಯೇ. 2024ರ ನವೆಂಬರಿನಲ್ಲಿ ಸ್ಪೇನ್ ಸರ್ಕಾರ ಕೈಬ್ಯಾಗಿಗೆ ಹಣ ಪಡೆದದ್ದೂ ಸೇರಿದಂತೆ ಹಲವು ಕಾರಣಗಳಿಗೆ ಐದು ಕಂಪನಿಗಳಿಗೆ ಒಟ್ಟು 179 ಮಿಲಿಯನ್ ಯೂರೋ ದಂಡ ವಿಧಿಸಿತು, ಕಂಪನಿಗಳು ಅದನ್ನು ಪ್ರಶ್ನಿಸಿದವು. ಈ ತಕರಾರು ಇತ್ಯರ್ಥವಾಗುವವರೆಗೆ ಗೇಟಿನಲ್ಲಿ ನಡೆಯುವುದು ಕಂಪನಿಯ ಮಾತೇ. ತೀರ್ಪಿನ ಹೆಸರು ಹೇಳಿ ಅಲ್ಲಿ ಗೆಲ್ಲಲಾಗದು, ರಸೀದಿ ಇಟ್ಟುಕೊಂಡವರಿಗೆ ಮುಂದೆ ಹಣ ಮರಳಿ ಕೇಳುವ ದಾರಿ ತೆರೆದಿರುತ್ತದೆ.